ಲುಟೀನ್, ಝಿಯಾಝಾಂಥಿನ್ ಮಾತ್ರೆ ತಗೋಬೇಕಾ ಬೇಡ್ವಾ? ರಿಪೋರ್ಟು, ಡಬ್ಬಿ ಎರಡನ್ನೂ ಎದುರಿಗಿಟ್ಕೊಂಡು ನೋಡೋಣ

"ಡಾಕ್ಟ್ರು ಮ್ಯಾಕುಲಾ ಸವೀತಾ ಇದೆ ಅಂದ್ರು, ಲುಟೀನ್ ಮಾತ್ರೆ ತಗೊಂಡ್ರೆ ನಿಲ್ಲುತ್ತಾ?" ಅಂತ ಒಬ್ರು ಕೇಳ್ತಾರೆ. "ಅಮ್ಮನಿಗೆ ಈ ತೊಂದ್ರೆ ಇದೆ, ನಾನು ಈಗಿಂದಾನೇ ಶುರು ಮಾಡ್ಲಾ?" ಅಂತ ಇನ್ನೊಬ್ರು. ಮ್ಯಾಕುಲಾ ಅಂದ್ರೆ ಕಣ್ಣಿನ ಹಿಂದಿನ ಪರದೆಯ ನಡುಭಾಗ, ಲುಟೀನ್, ಝಿಯಾಝಾಂಥಿನ್ ಅಂದ್ರೆ ಅಲ್ಲಿರೋ, ಊಟದಿಂದ ಬರೋ ಹಳದಿ ವಸ್ತುಗಳು. ಪ್ರತಿಸಲ ಒಬ್ಬೊಬ್ರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯೋ ಬದ್ಲು ಒಂದ್ಸಲ ಪೂರ್ತಿ ಬರೆದಿಡೋಣ ಅನ್ನಿಸ್ತು.

ಚಿಕ್ಕ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಲುಟೀನ್ ಒಂದನ್ನೇ ತಗೊಂಡ್ರೆ ಮ್ಯಾಕುಲಾ ಸವೆತ ನಿಧಾನ ಆಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಪುರಾವೆ ಇರೋದು ಒಂದು ನಿರ್ದಿಷ್ಟ ಮಿಶ್ರಣಕ್ಕೆ, ಲುಟೀನ್ ಅದರಲ್ಲಿ ಒಂದು ಭಾಗ ಅಷ್ಟೇ, ಮತ್ತೆ ಆ ಪುರಾವೆನೂ ಕಾಯಿಲೆಯ ಒಂದು ಹಂತದವ್ರಿಗೆ ಮಾತ್ರ. ನಿಮ್ಮ ಕಣ್ಣು ಆ ಹಂತದಲ್ಲಿದ್ಯಾ, ನಿಮ್ಮ ಕೈಲಿರೋ ಡಬ್ಬಿ ಆ ಮಿಶ್ರಣಾನಾ, ಈ ಎರಡು ಪ್ರಶ್ನೆಗೆ ಉತ್ತರ ಹುಡುಕೋದೇ ಈ ಲೇಖನದ ಕೆಲಸ.

ಕೂರೋಕೆ ಮುಂಚೆ ಏನೇನು ಬೇಕು

ಕೊನೇ ಸಲ ಕಣ್ಣು ತೋರಿಸಿದಾಗ ಕೊಟ್ಟ ರಿಪೋರ್ಟು, ಜೊತೆಗೆ ರೆಟಿನಾ ಸ್ಕ್ಯಾನ್ ಅಥವಾ ಫೋಟೋ ಇದ್ರೆ ಅದೂ. ನೀವು ತಗೋತಿರೋ ಅಥವಾ ತಗೋಬೇಕು ಅಂದ್ಕೊಂಡಿರೋ ಮಾತ್ರೆಯ ಡಬ್ಬಿ, ಅದರ ಹಿಂಭಾಗದ ಸಣ್ಣ ಅಕ್ಷರ ಓದೋಕೆ ಒಂದು ಭೂತಗನ್ನಡಿ ಅಥವಾ ಫೋನಲ್ಲಿ ಫೋಟೋ ತೆಗ್ದು ದೊಡ್ಡದು ಮಾಡ್ಕೊಂಡ್ರೂ ಆಯ್ತು. ದಿನಾ ನುಂಗೋ ಬೇರೆ ಎಲ್ಲಾ ಮಾತ್ರೆಗಳ ಪಟ್ಟಿ. ಒಂದು ಪೆನ್ನು.

ಹಂತ 1: ಈ ಪುರಾವೆ ಎಲ್ಲಿಂದ ಬಂತು ಅಂತ ತಿಳ್ಕೊಳ್ಳಿ

ಇದನ್ನ ಹಾರಿಸ್ಬೇಡಿ, ಮುಂದಿನ ಲೆಕ್ಕ ಎಲ್ಲಾ ಇದರ ಮೇಲೇ ನಿಂತಿದೆ.

ರೆಟಿನಾ ಅಂದ್ರೆ ಕಣ್ಣಿನ ಹಿಂದಿನ ಪರದೆ, ಅದರ ನಟ್ಟನಡುವಿನ ಚಿಕ್ಕ ಜಾಗ ಮ್ಯಾಕುಲಾ. ಓದೋದು, ಮುಖ ಗುರುತು ಹಿಡಿಯೋದು, ಸೂಜಿಗೆ ದಾರ ಪೋಣಿಸೋದು ಎಲ್ಲಾ ಆ ಜಾಗದ ಕೆಲಸ. ಅಲ್ಲಿ ಹಳದಿ ಬಣ್ಣದ ಒಂದು ಪದರ ಇರುತ್ತೆ, ಆ ಹಳದಿ ಬರೋದೇ ಲುಟೀನ್ ಮತ್ತು ಝಿಯಾಝಾಂಥಿನ್‌ನಿಂದ. ಇವೆರಡನ್ನೂ ನಮ್ಮ ದೇಹ ತಾನಾಗೇ ತಯಾರಿಸಲ್ಲ, ಊಟದಿಂದಾನೇ ಬರ್ಬೇಕು. ನೀಲಿ ಬೆಳಕನ್ನ ಸ್ವಲ್ಪ ತಡೀತವೆ, ಜೀವಕೋಶಗಳಿಗೆ ಆಗೋ ಆಕ್ಸಿಡೇಶನ್ ಹಾನಿಯನ್ನೂ ತಗ್ಗಿಸ್ತವೆ. ಹಾಗಾಗಿ "ಇದನ್ನ ಜಾಸ್ತಿ ಕೊಟ್ರೆ ಮ್ಯಾಕುಲಾ ಉಳಿಬೋದು" ಅನ್ನೋ ಊಹೆ ಸಹಜವಾಗೇ ಹುಟ್ಟಿತು. ಆದ್ರೆ ಊಹೆ ಚೆನ್ನಾಗಿದ್ದ ಮಾತ್ರಕ್ಕೆ ಔಷಧಿ ಕೆಲಸ ಮಾಡ್ಬೇಕು ಅಂತೇನಿಲ್ಲ, ಪರೀಕ್ಷೆ ಮಾಡಿ ನೋಡ್ಲೇಬೇಕು.

ಮೊದಲ ದೊಡ್ಡ ಪರೀಕ್ಷೆ ಅಮೆರಿಕದ ನ್ಯಾಷನಲ್ ಐ ಇನ್ಸ್ಟಿಟ್ಯೂಟ್ ನಡೆಸಿದ್ದು, ಹೆಸರು ಏರೆಡ್ಸ್, ಫಲಿತಾಂಶ ಬಂದಿದ್ದು 2001ರಲ್ಲಿ. ಗಮನಿಸಿ, ಆ ಮಿಶ್ರಣದಲ್ಲಿ ಲುಟೀನ್ ಇರ್ಲೇ ಇಲ್ಲ. ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕೆರೋಟಿನ್, ಝಿಂಕ್ ಮತ್ತು ಸ್ವಲ್ಪ ಕಾಪರ್ ಇತ್ತು. ಮಧ್ಯಮ ಹಂತ ಇದ್ದವ್ರಲ್ಲಿ, ಇಲ್ಲಾ ಒಂದು ಕಣ್ಣಲ್ಲಿ ಕೊನೇ ಹಂತ ಬಂದಿದ್ದವ್ರಲ್ಲಿ, 5 ವರ್ಷದಲ್ಲಿ ಕಾಯಿಲೆ ಕೊನೇ ಹಂತಕ್ಕೆ ಹೋಗೋ ಅಪಾಯ ಸುಮಾರು 25% ಕಮ್ಮಿ ಆಯ್ತು.

ಆದ್ರೆ ಒಂದು ತಲೆನೋವು ಇತ್ತು. ಬೀಟಾ ಕೆರೋಟಿನ್ ಸಿಗರೇಟು ಸೇದೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಮಾಡುತ್ತೆ ಅಂತ 1990ರ ದಶಕದ ಎರಡು ದೊಡ್ಡ ಅಧ್ಯಯನಗಳಲ್ಲಿ ಆಗ್ಲೇ ಗೊತ್ತಾಗಿತ್ತು. ಅದನ್ನ ತೆಗ್ದು ಆ ಜಾಗಕ್ಕೆ ಲುಟೀನ್, ಝಿಯಾಝಾಂಥಿನ್ ಹಾಕಿದ್ರೆ ಹೇಗೆ? ಈ ಪ್ರಶ್ನೆಯನ್ನೂ ಸೇರಿಸ್ಕೊಂಡು ಬಂದಿದ್ದು ಎರಡನೇ ಪರೀಕ್ಷೆ, ಏರೆಡ್ಸ್-2. 50ರಿಂದ 85 ವಯಸ್ಸಿನ 4,203 ಜನ, ಫಲಿತಾಂಶ 2013ರಲ್ಲಿ.

ಇಲ್ಲೇ ಜಾಹೀರಾತಿನವ್ರು ಜಾರ್ಕೊಳ್ಳೋ ಜಾಗ. ಆ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಲ್ರಿಗೂ ಹಳೇ ಮಿಶ್ರಣ ಯಾವ್ದಾದ್ರೂ ಒಂದು ರೂಪದಲ್ಲಿ ಸಿಗ್ತಾನೇ ಇತ್ತು, ಅದರ ಮೇಲೆ ಕೆಲವ್ರಿಗೆ ದಿನಾ 10 ಮಿ.ಗ್ರಾಂ ಲುಟೀನ್ ಮತ್ತು 2 ಮಿ.ಗ್ರಾಂ ಝಿಯಾಝಾಂಥಿನ್ ಸೇರಿಸಿದ್ರು, ಕೆಲವ್ರಿಗೆ ಮೀನೆಣ್ಣೆಯ ಒಮೆಗಾ-3, ಕೆಲವ್ರಿಗೆ ಎರಡೂ, ಕೆಲವ್ರಿಗೆ ಏನೂ ಇಲ್ಲದ ಡಮ್ಮಿ ಮಾತ್ರೆ. 5 ವರ್ಷದ ಲೆಕ್ಕದಲ್ಲಿ ಡಮ್ಮಿ ಗುಂಪಿನಲ್ಲಿ 31% ಕೊನೇ ಹಂತಕ್ಕೆ ಹೋದ್ರೆ, ಲುಟೀನ್ ಗುಂಪಿನಲ್ಲಿ 29%. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಾಗೂ ಬರ್ಬೋದು, ಹಾಗಾಗಿ ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರ "ಲುಟೀನ್ ಸೇರಿಸಿದ್ರಿಂದ ಹೆಚ್ಚುವರಿ ಲಾಭ ಸಾಬೀತಾಗಿಲ್ಲ" ಅಂತ. ಒಮೆಗಾ-3ಯಿಂದಂತೂ ಏನೂ ಆಗ್ಲಿಲ್ಲ.

ಆಮೇಲೆ ಅದೇ ಮಾಹಿತಿಯನ್ನ ಬೇರೆ ರೀತಿ ವಿಂಗಡಿಸಿ ನೋಡಿದ್ರು. ಬೀಟಾ ಕೆರೋಟಿನ್ ಇರೋ ಮಿಶ್ರಣ ಒಂದು ಕಡೆ, ಅದನ್ನ ತೆಗ್ದು ಲುಟೀನ್ ಹಾಕಿದ ಮಿಶ್ರಣ ಇನ್ನೊಂದು ಕಡೆ ಇಟ್ಟಾಗ ಲುಟೀನ್ ಕಡೆ ಅಪಾಯ ಸುಮಾರು 18% ಕಮ್ಮಿ ಕಂಡಿತು. ಊಟದಲ್ಲಿ ಲುಟೀನ್ ತೀರಾ ಕಮ್ಮಿ ಇದ್ದ ಐದನೇ ಒಂದು ಭಾಗದ ಜನರಲ್ಲಿ ಲುಟೀನ್‌ನಿಂದ ಸುಮಾರು 26% ಲಾಭ ಕಂಡಿತು. ಇದು ಒಳ್ಳೇ ಸುಳಿವು, ಆದ್ರೆ ಮೊದ್ಲೇ ನಿಗದಿ ಮಾಡಿದ್ದ ಮುಖ್ಯ ಪ್ರಶ್ನೆಯ ಉತ್ತರಕ್ಕಿರೋ ತೂಕ ಇದಕ್ಕಿಲ್ಲ. ಡಬ್ಬಿ ಮೇಲೆ "26%" ಅಂತ ದೊಡ್ಡದಾಗಿ ಹಾಕಿದ್ರೆ ಅದು ಬಂದಿದ್ದು ಈ ಸಣ್ಣ ಗುಂಪಿನಿಂದ ಅಂತ ನೆನಪಿರ್ಲಿ.

ಸುರಕ್ಷತೆ ವಿಷಯದಲ್ಲಿ ಮಾತ್ರ ಉತ್ತರ ಸ್ಪಷ್ಟ. ಏರೆಡ್ಸ್-2ರಲ್ಲಿ ಬೀಟಾ ಕೆರೋಟಿನ್ ಸಿಕ್ಕವ್ರಲ್ಲಿ 2%ಗೆ ಶ್ವಾಸಕೋಶದ ಕ್ಯಾನ್ಸರ್ ಬಂತು, ಸಿಗದವ್ರಲ್ಲಿ 0.9%ಗೆ, ಮತ್ತೆ ಹಾಗೆ ಬಂದವ್ರಲ್ಲಿ ಹೆಚ್ಚಿನವ್ರು ಹಿಂದೆ ಸೇದಿ ಬಿಟ್ಟಿದ್ದೋರು. ಆಗ ಸೇದ್ತಾ ಇದ್ದವ್ರಿಗೆ ಅದನ್ನ ಕೊಟ್ಟೇ ಇರ್ಲಿಲ್ಲ. 2022ರಲ್ಲಿ ಬಂದ 10 ವರ್ಷದ ಫಾಲೋಅಪ್‌ನಲ್ಲೂ ಇದೇ ಕಥೆ, ಬೀಟಾ ಕೆರೋಟಿನ್‌ನಿಂದ ಅಪಾಯ ಹೆಚ್ಚು, ಲುಟೀನ್‌ನಿಂದ ಹಾಗೇನೂ ಕಾಣ್ಲಿಲ್ಲ. ಅಂದ್ರೆ ಲುಟೀನ್ ಈ ಮಿಶ್ರಣದೊಳಗೆ ಬಂದಿದ್ದು ಪವಾಡ ಮಾಡಿ ಅಲ್ಲ, ಅಪಾಯದ ಒಂದು ವಸ್ತು ಖಾಲಿ ಮಾಡಿದ ಕುರ್ಚಿಯಲ್ಲಿ ಕೂತು, ಮತ್ತೆ ಆ ಕೆಲಸವನ್ನ ಅಷ್ಟೇ ಚೆನ್ನಾಗಿ, ಬಹುಶಃ ಸ್ವಲ್ಪ ಇನ್ನೂ ಚೆನ್ನಾಗಿ ಮಾಡಿ.

ಲುಟೀನ್ ಒಂದನ್ನೇ ಕೊಟ್ಟ ಸಣ್ಣ ಅಧ್ಯಯನಗಳು ಇವೆ, ಅವುಗಳಲ್ಲಿ ಹೆಚ್ಚಾಗಿ ತೋರ್ಸಿರೋದು ಮ್ಯಾಕುಲಾದ ಹಳದಿ ಪದರ ದಟ್ಟ ಆಯ್ತು ಅಂತ. ಹಳದಿ ದಟ್ಟ ಆಗೋದು ಬೇರೆ, ಕಾಯಿಲೆ ಮುಂದಕ್ಕೆ ಹೋಗೋದು ನಿಧಾನ ಆಗೋದು ಬೇರೆ. ಮಾರೋರು ಇವೆರಡನ್ನೂ ಒಂದೇ ಅನ್ನೋ ಹಾಗೆ ಹೇಳ್ತಾರೆ.

ಹಂತ 2: ನಿಮ್ಮ ಕಣ್ಣು ಯಾವ ಹಂತದಲ್ಲಿದೆ ಅಂತ ರಿಪೋರ್ಟಲ್ಲಿ ಹುಡುಕಿ

ರಿಪೋರ್ಟಲ್ಲಿ ಡ್ರೂಸೆನ್ ಅನ್ನೋ ಪದ ಹುಡುಕಿ. ರೆಟಿನಾದ ಕೆಳಗೆ ಸೇರ್ಕೊಳ್ಳೋ ಹಳದಿ ಕೊಬ್ಬಿನಂಥ ಕಸದ ಚುಕ್ಕಿಗಳು ಅವು. ಅವುಗಳ ಗಾತ್ರವೇ ಹಂತ ಹೇಳುತ್ತೆ. 63 ಮೈಕ್ರಾನ್‌ಗಿಂತ ಚಿಕ್ಕವು ವಯಸ್ಸಾದ್ರೆ ಯಾರಿಗಾದ್ರೂ ಬರ್ಬೋದು, ಅದನ್ನ ಕಾಯಿಲೆ ಅನ್ನಲ್ಲ. 63ರಿಂದ 125 ಮೈಕ್ರಾನ್‌ ಒಳಗಿನವು ಮಾತ್ರ ಇದ್ರೆ ಆರಂಭದ ಹಂತ. 125 ಅಥವಾ ಅದಕ್ಕಿಂತ ದೊಡ್ಡದು ಇದ್ರೆ, ಇಲ್ಲಾ ಡ್ರೂಸೆನ್ ಜೊತೆ ಪಿಗ್ಮೆಂಟ್ ಬದಲಾವಣೆ ಅಂದ್ರೆ ಕಪ್ಪು ಬಣ್ಣ ಅಲ್ಲಲ್ಲಿ ಗುಂಪಾಗಿ ಅಥವಾ ಮಾಸಿಹೋಗಿ ಕಂಡ್ರೆ ಮಧ್ಯಮ ಹಂತ. ಒಂದು ಅಂದಾಜು ಬೇಕು ಅಂದ್ರೆ, ಕಣ್ಣಿನ ನರ ಶುರುವಾಗೋ ಜಾಗದಲ್ಲಿ ಹಾದುಹೋಗೋ ದಪ್ಪ ರಕ್ತನಾಳದ ಅಗಲ ಸುಮಾರು 125 ಮೈಕ್ರಾನ್, ಫೋಟೋದಲ್ಲಿ ಡಾಕ್ಟ್ರು ಕಣ್ಣಳತೆಗೆ ಅದನ್ನೇ ಇಟ್ಕೊಳ್ತಾರೆ.

ಕೊನೇ ಹಂತ ಎರಡು ಥರ. ಒಂದು ಒಣ ಥರ, ಮ್ಯಾಕುಲಾದ ಕೋಶಗಳು ತೇಪೆತೇಪೆಯಾಗಿ ಸತ್ತುಹೋಗೋದು, ಜಿಯಾಗ್ರಫಿಕ್ ಅಟ್ರೋಫಿ ಅಂತ ಬರ್ದಿರುತ್ತೆ. ಇನ್ನೊಂದು ಒದ್ದೆ ಥರ, ವೆಟ್ ಎಎಂಡಿ, ಹೊಸ ರಕ್ತನಾಳ ಬೆಳ್ದು ಸೋರೋದು. ಎಎಂಡಿ ಅಂದ್ರೆ ವಯಸ್ಸಿನ ಜೊತೆ ಬರೋ ಈ ಮ್ಯಾಕುಲಾ ಸವೆತಾನೇ.

ಇಲ್ಲಿ ಜನ ಎಡವೋದು ಒಂದೇ ವಿಷಯಕ್ಕೆ. ರಿಪೋರ್ಟಲ್ಲಿ "ಡ್ರೈ ಎಎಂಡಿ" ಅಂತ ಮಾತ್ರ ಇರುತ್ತೆ, ಆರಂಭದ್ದೂ ಡ್ರೈ, ಮಧ್ಯಮದ್ದೂ ಡ್ರೈ, ಅಟ್ರೋಫಿನೂ ಡ್ರೈ. ಆ ಒಂದು ಪದ ನೋಡಿ ಮಾತ್ರೆ ಶುರು ಮಾಡೋದೂ ತಪ್ಪು ಬಿಡೋದೂ ತಪ್ಪು. "ಯಾವ ಹಂತ, ದೊಡ್ಡ ಡ್ರೂಸೆನ್ ಇದ್ಯಾ, ಪಿಗ್ಮೆಂಟ್ ಬದಲಾವಣೆ ಇದ್ಯಾ, ಎರಡೂ ಕಣ್ಣಿಗೂ ಬೇರೆಬೇರೆಯಾಗಿ ಬರ್ಕೊಡಿ" ಅಂತ ಕೇಳಿ, ಎರಡು ನಿಮಿಷದ ಕೆಲಸ ಅದು.

ಹಂತ 3: ಪಾಯಿಂಟ್ ಹಾಕಿ ನೋಡಿ

ಏರೆಡ್ಸ್ ತಂಡದವ್ರೇ ಮಾಡಿರೋ ಒಂದು ಸರಳ ಲೆಕ್ಕ ಇದೆ, ಬೆರಳಲ್ಲೇ ಎಣಿಸ್ಬೋದು. ಪ್ರತಿ ಕಣ್ಣಿಗೆ ದೊಡ್ಡ ಡ್ರೂಸೆನ್ ಇದ್ರೆ 1 ಪಾಯಿಂಟ್, ಪಿಗ್ಮೆಂಟ್ ಬದಲಾವಣೆ ಇದ್ರೆ ಇನ್ನೊಂದು. ಒಂದು ಕಣ್ಣಲ್ಲಿ ಆಗ್ಲೇ ಕೊನೇ ಹಂತ ಬಂದಿದ್ರೆ ಆ ಕಣ್ಣಿಗೆ ನೇರವಾಗಿ 2. ದೊಡ್ಡ ಡ್ರೂಸೆನ್ ಎಲ್ಲೂ ಇಲ್ಲ, ಆದ್ರೆ ಎರಡೂ ಕಣ್ಣಲ್ಲಿ 63ರಿಂದ 125 ಮೈಕ್ರಾನ್ ಒಳಗಿನ ಮಧ್ಯಮ ಗಾತ್ರದ್ದು ಇದೆ ಅಂದ್ರೆ ಎರಡೂ ಸೇರಿ 1. ಒಟ್ಟು ಹೆಚ್ಚಂದ್ರೆ 4.

5 ವರ್ಷದೊಳಗೆ ಕೊನೇ ಹಂತಕ್ಕೆ ಹೋಗೋ ಸಾಧ್ಯತೆ ಸುಮಾರಾಗಿ ಹೀಗೆ:

0 ಪಾಯಿಂಟ್: 0.5%
1 ಪಾಯಿಂಟ್: 3%
2 ಪಾಯಿಂಟ್: 12%
3 ಪಾಯಿಂಟ್: 25%
4 ಪಾಯಿಂಟ್: 50%

ಒಂದು ಉದಾಹರಣೆ ತಗೊಳ್ಳೋಣ. 68 ವರ್ಷದ ಒಬ್ರು ಹೆಂಗಸು. ಬಲಗಣ್ಣಲ್ಲಿ ದೊಡ್ಡ ಡ್ರೂಸೆನ್ ಇದೆ, ಪಿಗ್ಮೆಂಟ್ ಬದಲಾವಣೆನೂ ಇದೆ, 2 ಪಾಯಿಂಟ್. ಎಡಗಣ್ಣಲ್ಲಿ ದೊಡ್ಡ ಡ್ರೂಸೆನ್ ಮಾತ್ರ, 1 ಪಾಯಿಂಟ್. ಒಟ್ಟು 3, ಅಂದ್ರೆ ಇವ್ರಂಥ 100 ಜನರಲ್ಲಿ ಸುಮಾರು 25 ಜನಕ್ಕೆ 5 ವರ್ಷದಲ್ಲಿ ಯಾವ್ದಾದ್ರೂ ಒಂದು ಕಣ್ಣು ಕೊನೇ ಹಂತಕ್ಕೆ ಹೋಗ್ಬೋದು. ಮಿಶ್ರಣದಿಂದ ಅಪಾಯ ಕಾಲುಭಾಗ ಕಮ್ಮಿ ಆಗುತ್ತೆ ಅಂತ ಹಿಡಿದ್ರೆ 25 ಇದ್ದಿದ್ದು ಸುಮಾರು 19 ಆಗುತ್ತೆ. 100 ಜನ 5 ವರ್ಷ ದಿನಾ ನುಂಗಿದ್ರೆ 6 ಜನಕ್ಕೆ ಲಾಭ, 19 ಜನಕ್ಕೆ ನುಂಗಿದ್ರೂ ಮುಂದುವರಿಯುತ್ತೆ, 75 ಜನಕ್ಕೆ ನುಂಗದೇ ಇದ್ರೂ ಆ 5 ವರ್ಷದಲ್ಲಿ ಹೋಗ್ತಿರ್ಲಿಲ್ಲ. ಇದು ಅಂದಾಜು ಲೆಕ್ಕ, ಆದ್ರೆ "25% ಕಮ್ಮಿ" ಅನ್ನೋದು ಮನೆಗೆ ಬಂದ್ಮೇಲೆ ಹೇಗೆ ಕಾಣುತ್ತೆ ಅಂತ ಗೊತ್ತಾಗ್ಲಿ ಅಂತ ಬರ್ದೆ. ನನ್ನ ಕೇಳಿದ್ರೆ 6 ಅನ್ನೋದು ಚಿಕ್ಕ ಸಂಖ್ಯೆ ಅಲ್ಲ, ಹೋದ ದೃಷ್ಟಿ ವಾಪಸ್ ಬರಲ್ಲ ಅಲ್ವಾ.

ಈಗ ಇದೇ ಲೆಕ್ಕವನ್ನ ಆರಂಭದ ಹಂತದವ್ರಿಗೆ ಹಾಕಿ. ಮೊದಲ ಏರೆಡ್ಸ್‌ನಲ್ಲಿ ಆ ಗುಂಪಿನಿಂದ 5 ವರ್ಷದಲ್ಲಿ ಕೊನೇ ಹಂತಕ್ಕೆ ಹೋಗಿದ್ದೇ 1.3%. ಅಷ್ಟು ಕಮ್ಮಿ ಜನ ಹೋದಾಗ ಮಾತ್ರೆಯಿಂದ ಲಾಭ ಆಯ್ತಾ ಇಲ್ವಾ ಅಂತ ಅಳೆಯೋಕೇ ಆಗ್ಲಿಲ್ಲ. ಹಾಗಾಗಿ ಆರಂಭದ ಹಂತದವ್ರಿಗೆ, ಕಾಯಿಲೆನೇ ಇಲ್ಲದವ್ರಿಗೆ ಈ ಮಿಶ್ರಣ ಶಿಫಾರಸು ಮಾಡಲ್ಲ. "ಅಮ್ಮನಿಗಿದೆ, ನನಗೂ ಬೇಕಾ" ಅನ್ನೋರಿಗೆ ಉತ್ತರ ಇದೇ: ಮಾತ್ರೆ ಬೇಡ, ಕಣ್ಣಿನ ಹಿಂಭಾಗ ತಪಾಸಣೆ ಮಾಡ್ಸಿ, ಸೇದ್ತಿದ್ರೆ ಬಿಡಿ.

ಎರಡೂ ಕಣ್ಣಲ್ಲಿ ಅಟ್ರೋಫಿ ಬಂದಾಗಿದೆ ಅನ್ನೋರಿಗೆ ಹಿಂದೆ "ಇನ್ನು ಪ್ರಯೋಜನ ಇಲ್ಲ" ಅಂತಿದ್ರು. 2024ರಲ್ಲಿ ಏರೆಡ್ಸ್, ಏರೆಡ್ಸ್-2 ಎರಡರ ಹಳೇ ಫೋಟೋಗಳನ್ನೇ ಮತ್ತೆ ಅಳೆದು ನೋಡಿದಾಗ, ಅಟ್ರೋಫಿ ಇನ್ನೂ ನಡುಮಧ್ಯ ಮುಟ್ಟಿಲ್ಲದ ಕಣ್ಣುಗಳಲ್ಲಿ, ಮಿಶ್ರಣ ತಗೊಂಡವ್ರಿಗೆ ಅದು ಮಧ್ಯದ ಕಡೆ ಹರಡೋ ವೇಗ ಸುಮಾರು 55% ಕಮ್ಮಿ ಇತ್ತು. ಇದು ಹಿಂದಿರುಗಿ ನೋಡಿದ ಲೆಕ್ಕ, ಹೊಸ ಪರೀಕ್ಷೆ ಅಲ್ಲ. ಆದ್ರೂ ನಿಮ್ಮ ಡಾಕ್ಟ್ರನ್ನ ಕೇಳೋಕೆ ಯೋಗ್ಯವಾದ ವಿಷಯ.

ಹಂತ 4: ಡಬ್ಬಿ ತಿರುಗಿಸಿ

ಮುಂಭಾಗ ಓದ್ಬೇಡಿ, ಅಲ್ಲಿ ಬರೀ ಕಣ್ಣಿನ ಚಿತ್ರ ಇರುತ್ತೆ. ಹಿಂಭಾಗದಲ್ಲಿ ಈ ಅಳತೆಗಳು, ಒಂದು ದಿನಕ್ಕೆ, ಸಿಗ್ತಾವಾ ನೋಡಿ:

ಲುಟೀನ್ 10 ಮಿ.ಗ್ರಾಂ
ಝಿಯಾಝಾಂಥಿನ್ 2 ಮಿ.ಗ್ರಾಂ
ವಿಟಮಿನ್ ಸಿ 500 ಮಿ.ಗ್ರಾಂ
ವಿಟಮಿನ್ ಇ 400 ಐಯು
ಝಿಂಕ್ 80 ಮಿ.ಗ್ರಾಂ, ಕೆಲವು ಡಬ್ಬಿಗಳಲ್ಲಿ 25
ಕಾಪರ್ 2 ಮಿ.ಗ್ರಾಂ

ಝಿಂಕ್ ಬಗ್ಗೆ ಒಂದು ಮಾತು. ಏರೆಡ್ಸ್-2ರಲ್ಲಿ 80ರ ಜಾಗದಲ್ಲಿ 25 ಕೊಟ್ಟೂ ನೋಡಿದ್ರು, ಗಮನಾರ್ಹ ವ್ಯತ್ಯಾಸ ಕಾಣ್ಲಿಲ್ಲ. ಆದ್ರೂ ಮೂಲ ಪರೀಕ್ಷೆಯಲ್ಲಿ ಲಾಭ ತೋರ್ಸಿದ್ದು 80 ಆಗಿದ್ರಿಂದ ಸೂತ್ರದಲ್ಲಿ ಅದೇ ಉಳ್ಕೊಂಡಿದೆ. ಹೊಟ್ಟೆಗೆ ಆಗಲ್ಲ ಅನ್ನೋರಿಗೆ 25ರ ಡಬ್ಬಿ ಕೊಡೋ ಡಾಕ್ಟ್ರೂ ಇದ್ದಾರೆ.

ಈಗ ಡಬ್ಬಿಯಲ್ಲಿರೋ ಬಲೆಗಳು. ನಾನು ನೋಡಿರೋ ಹಾಗೆ ಜನ ಹೆಚ್ಚು ಸಿಕ್ಕಿಹಾಕ್ಕೊಳ್ಳೋದು ಮೊದಲನೇದಕ್ಕೆ.

ಮೊದಲನೇ ಬಲೆ, ಎಕ್ಸ್‌ಟ್ರಾಕ್ಟಿನ ತೂಕ. ಮಾತ್ರೆಗೆ ಹಾಕೋ ಲುಟೀನ್ ಹೆಚ್ಚಾಗಿ ಚೆಂಡುಹೂವಿನಿಂದ ತೆಗೀತಾರೆ. ಡಬ್ಬಿ ಮೇಲೆ "ಚೆಂಡುಹೂವಿನ ಎಕ್ಸ್‌ಟ್ರಾಕ್ಟ್ 25 ಮಿ.ಗ್ರಾಂ, ಲುಟೀನ್ 20%" ಅಂತ ಇದ್ರೆ ಒಳಗಿರೋ ಲುಟೀನ್ 25 ಅಲ್ಲ, 25ರಲ್ಲಿ 20%, ಅಂದ್ರೆ 5 ಮಿ.ಗ್ರಾಂ. 10 ಬೇಕು ಅಂದ್ರೆ ಅಂಥ ಎಕ್ಸ್‌ಟ್ರಾಕ್ಟ್ 50 ಮಿ.ಗ್ರಾಂ ಇರ್ಬೇಕು. ಹಾಗೇ "ಲುಟೀನ್ ಎಸ್ಟರ್" ಅಂತಿದ್ರೆ ಅದು ಕೊಬ್ಬಿನಾಮ್ಲಕ್ಕೆ ಅಂಟಿಕೊಂಡಿರೋ ಲುಟೀನ್, ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ನಿಜವಾದ ಲುಟೀನ್. 20 ಮಿ.ಗ್ರಾಂ ಎಸ್ಟರ್ ಅಂದ್ರೆ ಸುಮಾರು 10 ಅಂತ ಲೆಕ್ಕ ಹಾಕಿ.

ಎರಡನೇದು, ಎಷ್ಟು ಮಾತ್ರೆಗೆ ಆ ಅಳತೆ ಅನ್ನೋದು. ಕೆಲವು ಡಬ್ಬಿಯಲ್ಲಿ ಎರಡು ಕ್ಯಾಪ್ಸೂಲಿಗೆ ಸೇರಿಸಿ ಬರ್ದಿರ್ತಾರೆ, ನೀವು ಒಂದೇ ನುಂಗ್ತಿದ್ರೆ ಎಲ್ಲಾ ಅರ್ಧ.

ಮೂರನೇದು ಝಿಂಕ್ ಉಪ್ಪಿನ ತೂಕ. "ಝಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 50 ಮಿ.ಗ್ರಾಂ" ಅಂದ್ರೆ ಅದರಲ್ಲಿ ಶುದ್ಧ ಝಿಂಕ್ ಸುಮಾರು 18 ಮಿ.ಗ್ರಾಂ ಮಾತ್ರ. ಎಲಿಮೆಂಟಲ್ ಝಿಂಕ್ ಅಂತ ಇರೋ ಸಂಖ್ಯೆಯನ್ನೇ ನೋಡಿ.

ನಾಲ್ಕನೇದು ಅಪಾಯದ್ದು. ಬೀಟಾ ಕೆರೋಟಿನ್ ಒಮ್ಮೊಮ್ಮೆ ತನ್ನ ಹೆಸರಲ್ಲಿ ಇರೋದೇ ಇಲ್ಲ, "ವಿಟಮಿನ್ ಎ" ಅಂತ ಬರ್ದು ಪಕ್ಕದಲ್ಲಿ ಸಣ್ಣದಾಗಿ ಬೀಟಾ ಕೆರೋಟಿನ್ ರೂಪದಲ್ಲಿ ಅಂತಿರುತ್ತೆ. ಸೇದ್ತಿರೋರು, ಹಿಂದೆ ಸೇದಿ ಬಿಟ್ಟೋರು, ಇಬ್ರೂ ಅಂಥ ಡಬ್ಬಿ ವಾಪಸ್ ಇಡಿ. ಹೆಸರಲ್ಲಿ "ಏರೆಡ್ಸ್" ಅಂತ ಮಾತ್ರ ಇದ್ದು 2 ಅನ್ನೋ ಅಂಕಿ ಇಲ್ಲ ಅಂದ್ರೆ ಹಳೇ ಸೂತ್ರ ಇರ್ಬೋದು, ಇದನ್ನ ಹುಡುಕ್ಲೇಬೇಕು.

ಆ 68 ವರ್ಷದವ್ರ ಡಬ್ಬಿ ಹೀಗಿದೆ ಅಂದ್ಕೊಳ್ಳಿ: ದಿನಕ್ಕೆ ಒಂದು ಕ್ಯಾಪ್ಸೂಲು, 20% ಎಕ್ಸ್‌ಟ್ರಾಕ್ಟ್ 25 ಮಿ.ಗ್ರಾಂ, ಝಿಯಾಝಾಂಥಿನ್ 1, ವಿಟಮಿನ್ ಸಿ 40, ವಿಟಮಿನ್ ಇ 15 ಐಯು, ಝಿಂಕ್ 10, ಕಾಪರ್ ಇಲ್ಲ, ಜೊತೆಗೆ ಬಿಲ್‌ಬೆರಿ, ಗಿಂಕ್ಗೊ. ಲುಟೀನ್ 5, ಬೇಕಾದ್ದರ ಅರ್ಧ. ಸರಿ, ಎರಡು ನುಂಗೋಣ ಅಂತಾರೆ. ಎರಡು ನುಂಗಿದ್ರೆ ಲುಟೀನ್ ಮತ್ತು ಝಿಯಾಝಾಂಥಿನ್ ಸರಿಹೋಗುತ್ತೆ, ಆದ್ರೆ ವಿಟಮಿನ್ ಸಿ 80, ಇ 30, ಝಿಂಕ್ 20. ಮೊದಲ ಪರೀಕ್ಷೆಯಲ್ಲಿ ಅಪಾಯ ತಗ್ಗಿಸಿದ್ದೇ ಈ ಸಿ, ಇ, ಝಿಂಕ್ ಇದ್ದ ಮಿಶ್ರಣ, ಅವುಗಳೇ ಇಲ್ಲಿ ಪುಡಿಗಾಸಿನಷ್ಟಿವೆ. ಬಿಲ್‌ಬೆರಿ, ಗಿಂಕ್ಗೊ ಎರಡೂ ಈ ಪರೀಕ್ಷೆಗಳಲ್ಲಿ ಇರ್ಲೇ ಇಲ್ಲ. ಹೆಸರು ಕಣ್ಣಿನ ಮಾತ್ರೆ, ಆದ್ರೆ ಪುರಾವೆ ಇರೋ ಮಾತ್ರೆ ಇದಲ್ಲ. ಬದಲಾಯಿಸ್ಬೇಕು.

ಹಂತ 5: ನಿಮ್ಮ ದೇಹಕ್ಕೆ ಹೊಂದುತ್ತಾ

ಇವು ಸಾಮಾನ್ಯ ವಿಟಮಿನ್ ಅಳತೆಗಳಲ್ಲ, ಅದಕ್ಕೇ ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ ಅನ್ನೋದು. ದೊಡ್ಡೋರಿಗೆ ದಿನಕ್ಕೆ ಝಿಂಕಿನ ಗರಿಷ್ಠ ಮಿತಿ 40 ಮಿ.ಗ್ರಾಂ ಅಂತ ಅಮೆರಿಕದಲ್ಲಿ ಇಟ್ಟಿದ್ದಾರೆ, ಈ ಮಿಶ್ರಣದಲ್ಲಿ ಅದರ ಎರಡರಷ್ಟಿದೆ. ಅಷ್ಟು ಝಿಂಕ್ ದಿನಾ ಹೋದ್ರೆ ಕಾಪರ್ ಹೀರಿಕೊಳ್ಳೋದು ಕುಗ್ಗಿ ರಕ್ತಹೀನತೆ ಬರ್ಬೋದು, 2 ಮಿ.ಗ್ರಾಂ ಕಾಪರ್ ಸೇರ್ಸಿರೋದೇ ಅದಕ್ಕೆ. "ಝಿಂಕ್ ಬೇರೆ ಮಾತ್ರೆ, ಲುಟೀನ್ ಬೇರೆ ಮಾತ್ರೆ" ಅಂತ ನೀವೇ ಜೋಡಿಸೋಕೆ ಹೋದಾಗ ಮರೆತುಹೋಗೋದು ಈ ಕಾಪರೇ. ಮೊದಲ ಏರೆಡ್ಸ್‌ನಲ್ಲಿ ಝಿಂಕ್ ತಗೊಂಡವ್ರಲ್ಲಿ ಮೂತ್ರಕೋಶ, ಮೂತ್ರನಾಳದ ತೊಂದ್ರೆಗೆ ಆಸ್ಪತ್ರೆ ಸೇರಿದ್ದೂ ಸ್ವಲ್ಪ ಜಾಸ್ತಿ ಇತ್ತು, ಪ್ರಾಸ್ಟೇಟ್ ತೊಂದ್ರೆ ಇರೋರು ಇದನ್ನ ಬಾಯಿಬಿಟ್ಟು ಹೇಳ್ಬೇಕು.

ವಿಟಮಿನ್ ಇ 400 ಐಯು, ವಾರ್ಫರಿನ್ ಥರದ ರಕ್ತ ತೆಳು ಮಾಡೋ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಅಪಾಯ ಹೆಚ್ಚಾಗ್ಬೋದು. ಇದೇ ಅಳತೆಯ ವಿಟಮಿನ್ ಇ ಒಂದನ್ನೇ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಅಂತ 2011ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ಈ ಕಾರಣಕ್ಕೇ ಆರಂಭದ ಹಂತದಲ್ಲಿರೋರು, ಕಾಯಿಲೆನೇ ಇಲ್ಲದವ್ರು "ಇರ್ಲಿ ಬಿಡು, ವಿಟಮಿನ್ ತಾನೇ" ಅಂತ ನುಂಗೋದು ನನಗೆ ಸರಿ ಕಾಣಲ್ಲ. ಲಾಭ ಇಲ್ಲದ ಕಡೆ ಸಣ್ಣ ಅಪಾಯವೂ ದಂಡವೇ.

ಲುಟೀನ್ ಮಟ್ಟಿಗೆ ಹೇಳೋದಾದ್ರೆ ಅದೇ ಈ ಗುಂಪಿನ ಸಾಧು ಪ್ರಾಣಿ, ತೀರಾ ಜಾಸ್ತಿ ಆದ್ರೆ ಚರ್ಮ ಸ್ವಲ್ಪ ಹಳದಿ ಆಗ್ಬೋದು. ಊಟದಿಂದಲೂ ಸಿಗುತ್ತೆ, ಬೇಯಿಸಿದ ಪಾಲಕ್ ಸೊಪ್ಪು ಅರ್ಧ ಕಪ್ ತಿಂದ್ರೆ ಲುಟೀನ್, ಝಿಯಾಝಾಂಥಿನ್ ಎರಡೂ ಸೇರಿ ಸುಮಾರು 10 ಮಿ.ಗ್ರಾಂ. ಮೊಟ್ಟೆಯ ಹಳದಿಯಲ್ಲಿ ಅಳತೆ ಕಮ್ಮಿ ಆದ್ರೆ ಮೈಗೆ ಚೆನ್ನಾಗಿ ಹತ್ತುತ್ತೆ. ಸೊಪ್ಪಲ್ಲಿರೋ ವಿಟಮಿನ್ ಕೆ ವಾರ್ಫರಿನ್ ಕೆಲಸವನ್ನ ಕುಗ್ಗಿಸುತ್ತೆ, ಹಾಗಾಗಿ ಆ ಮಾತ್ರೆ ತಗೊಳ್ಳೋರು ಇದ್ದಕ್ಕಿದ್ದ ಹಾಗೆ ಸೊಪ್ಪು ದುಪ್ಪಟ್ಟು ಮಾಡ್ಬೇಡಿ. ಮತ್ತೆ ಸೊಪ್ಪು ಎಷ್ಟು ತಿಂದ್ರೂ ಮಿಶ್ರಣದ ಝಿಂಕ್, ವಿಟಮಿನ್ ಇ ಅಳತೆ ಅದರಿಂದ ಬರಲ್ಲ.

ಹಂತ 6: ತಗೊಳ್ಳೋ ರೀತಿ

ಊಟ ಆದ್ಮೇಲೆ ತಗೊಳ್ಳಿ, ಎರಡು ಕಾರಣಕ್ಕೆ. ಲುಟೀನ್ ಕೊಬ್ಬಿನಲ್ಲಿ ಕರಗೋ ವಸ್ತು, ಊಟದಲ್ಲಿ ಸ್ವಲ್ಪ ಎಣ್ಣೆ ತುಪ್ಪ ಇದ್ರೇನೇ ಒಳಗೆ ಹೋಗೋದು. ಝಿಂಕ್ ಖಾಲಿ ಹೊಟ್ಟೆಗೆ ಹೋದ್ರೆ ಹೊಟ್ಟೆ ತೊಳಸುತ್ತೆ, ಎಷ್ಟೋ ಜನ ಮೊದಲ ವಾರದಲ್ಲೇ "ನನಗೆ ಒಗ್ಗಲ್ಲ" ಅಂತ ಬಿಟ್ಬಿಡೋದು ಇದಕ್ಕೇ. ದಿನದ ಅಳತೆ ಎರಡು ಮಾತ್ರೆಯಲ್ಲಿದ್ರೆ ಬೆಳಿಗ್ಗೆ ಒಂದು ರಾತ್ರಿ ಒಂದು ಮಾಡ್ಕೊಳ್ಳಿ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯೋಟಿಕ್ ಕೊಟ್ಟಿದ್ರೆ ಝಿಂಕ್ ಅದನ್ನ ಹಿಡಿದುಹಾಕುತ್ತೆ, ಎಷ್ಟು ಗಂಟೆ ಅಂತರ ಬಿಡ್ಬೇಕು ಅಂತ ಕೇಳಿ. ಜೊತೆಗೆ ಬೇರೆ ಮಲ್ಟಿವಿಟಮಿನ್ ನುಂಗ್ತಿದ್ರೆ ಅದರ ಝಿಂಕನ್ನೂ ಲೆಕ್ಕಕ್ಕೆ ಸೇರಿಸಿ.

ಎರಡು ತಿಂಗಳಾಯ್ತು, ಕಣ್ಣು ಏನೂ ಚುರುಕಾಗ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಚುರುಕಾಗಲ್ಲ. ಈ ಮಿಶ್ರಣ ಹೋದ ದೃಷ್ಟಿ ತರಲ್ಲ, ಡ್ರೂಸೆನ್ ಕರಗಿಸಲ್ಲ, ಲುಟೀನ್ ಸೇರಿಸಿದ್ರಿಂದ ಪೊರೆ ಆಪರೇಷನ್ ತಪ್ಪಿದ್ದೂ ಏರೆಡ್ಸ್-2ರಲ್ಲಿ ಕಾಣ್ಲಿಲ್ಲ. ಅದು ಮಾಡೋ ಕೆಲಸ ನಿಮಗೆ ಅನುಭವಕ್ಕೆ ಬರೋ ಥರದ್ದೇ ಅಲ್ಲ, ವರ್ಷಗಟ್ಟಲೆ ನಡೆದು ಸ್ಕ್ಯಾನಲ್ಲಿ ಮಾತ್ರ ಗೊತ್ತಾಗೋದು.

ಹಂತ 7: ಮಾತ್ರೆ ಜೊತೆ ಚೌಕಳಿ

ಮಾತ್ರೆ ನುಂಗ್ತಿದೀನಿ ಅನ್ನೋ ಧೈರ್ಯದಲ್ಲಿ ಜನ ನೋಡ್ಕೊಳ್ಳೋದನ್ನೇ ಬಿಡ್ತಾರೆ, ಇದು ದೊಡ್ಡ ತಪ್ಪು. ಆಮ್ಸ್ಲರ್ ಗ್ರಿಡ್ ಅಂತ ಚೌಕಳಿ ಹಾಳೆ ಇರುತ್ತೆ, ನಡುವೆ ಒಂದು ಚುಕ್ಕಿ. ಓದೋ ಕನ್ನಡಕ ಹಾಕ್ಕೊಂಡು, ಓದೋ ದೂರದಲ್ಲಿ ಹಿಡಿದು, ಒಂದು ಕಣ್ಣು ಪೂರ್ತಿ ಮುಚ್ಚಿ ಇನ್ನೊಂದರಲ್ಲಿ ಚುಕ್ಕಿಯನ್ನೇ ನೋಡಿ. ಗೆರೆಗಳು ನೆಟ್ಟಗಿವೆಯಾ, ಎಲ್ಲಾದ್ರೂ ಅಳಿಸಿದ ಹಾಗಿದ್ಯಾ. ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದ್ರೆ ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನ ಮುಚ್ಚಿಹಾಕುತ್ತೆ, ಬಾಗಿಲ ಚೌಕಟ್ಟು ಸೊಟ್ಟಗೆ ಕಾಣ್ತಿದ್ರೂ ತಿಂಗಳುಗಟ್ಟಲೆ ಗೊತ್ತಾಗಲ್ಲ.

ಗೆರೆ ಹೊಸದಾಗಿ ಬಾಗಿದ್ರೆ, ನಡುವೆ ಹೊಸ ಕಪ್ಪು ಕಲೆ ಬಂದ್ರೆ, ಅದು ಒದ್ದೆ ಥರಕ್ಕೆ ತಿರುಗಿರೋ ಗುರುತಿರ್ಬೋದು. ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ಬೇಡಿ, ಅವತ್ತೇ ಫೋನ್ ಮಾಡಿ. ಆಗ ಬೇಕಾಗೋದು ಕಣ್ಣಿನೊಳಗೆ ಕೊಡೋ ಆಂಟಿ-ವಿಇಜಿಎಫ್ ಇಂಜೆಕ್ಷನ್, ಅಂದ್ರೆ ಸೋರೋ ರಕ್ತನಾಳ ಬೆಳೆಯೋದನ್ನ ತಡೆಯೋ ಔಷಧಿ, ದಿನ ಕಳೆದಷ್ಟೂ ಉಳಿಸೋ ದೃಷ್ಟಿ ಕಮ್ಮಿ ಆಗುತ್ತೆ. ಲುಟೀನ್ ಡಬಲ್ ಮಾಡಿ ಎರಡು ವಾರ ನೋಡೋಣ ಅಂತ ಕೂತವ್ರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಇಂಜೆಕ್ಷನ್ ಶುರುವಾದ್ಮೇಲೆ "ಇನ್ನು ಮಾತ್ರೆ ಯಾಕೆ" ಅಂತ ನಿಲ್ಲಿಸೋರೂ ಇದ್ದಾರೆ. ಡಾಕ್ಟ್ರು ನಿಲ್ಲಿಸಿ ಅನ್ನೋವರೆಗೆ ನಿಲ್ಲಿಸ್ಬೇಡಿ, ಯಾಕಂದ್ರೆ ಆಗ ಮಾತ್ರೆ ನುಂಗೋದು ಇಂಜೆಕ್ಷನ್ ಆಗ್ತಿರೋ ಕಣ್ಣಿಗಲ್ಲ, ಇನ್ನೊಂದು ಕಣ್ಣಿಗೆ.